ರಾಫ್ಟ್ ಅಡಿಪಾಯ: ಹಾಸಿನ ಅಳತೆ, ಸಂಪರ್ಕ ಒತ್ತಡ ಮತ್ತು ಅಸಮ ಇಳಿತ

ಕಟ್ಟಡದ ಎಲ್ಲ ಕಂಬಗಳನ್ನೂ ಗೋಡೆಗಳನ್ನೂ ಒಂದೇ ಕಾಂಕ್ರೀಟ್ ಹಾಸಿನ ಮೇಲೆ ನಿಲ್ಲಿಸಿದರೆ ಅದು ರಾಫ್ಟ್ ಅಡಿಪಾಯ. ಮ್ಯಾಟ್ ಎಂದೂ ಕರೆಯುತ್ತಾರೆ. ಮಣ್ಣು ಮೆತ್ತಗಿದ್ದು, ಪ್ರತಿ ಕಂಬಕ್ಕೂ ಬೇರೆ ಬೇರೆ ಪಾಯ ಕೊಡಹೊರಟರೆ ಆ ಪಾಯಗಳೇ ನೆಲದ ಅರ್ಧಕ್ಕಿಂತ ಹೆಚ್ಚು ಜಾಗ ತಿನ್ನುವಂತಿದ್ದಾಗ ಎಲ್ಲವನ್ನೂ ಕೂಡಿಸಿ ಒಂದೇ ಹಾಸು ಮಾಡುವುದು ವಾಡಿಕೆ. ಆ ಹಾಸಿನ ಉದ್ದಗಲವನ್ನು ಗೊತ್ತುಮಾಡಲು ಹೆಚ್ಚಿನ ಕಚೇರಿಗಳಲ್ಲಿ ಇಂದಿಗೂ ಮೊದಲು ಕೈಗೆತ್ತಿಕೊಳ್ಳುವುದು ರಿಜಿಡ್ ವಿಧಾನ. ಹಾಸು ಬಗ್ಗುವುದೇ ಇಲ್ಲವೆಂದು ಭಾವಿಸಿ, ಅದರಡಿಯ ಮಣ್ಣಿನ ಒತ್ತಡ ಒಂದು ಅಂಚಿನಿಂದ ಇನ್ನೊಂದಕ್ಕೆ ನೇರ ಗೆರೆಯಲ್ಲಿ ಏರಿಳಿಯುತ್ತದೆಂದು ಹಿಡಿಯುವ ಲೆಕ್ಕ ಅದು. ಈ ವಿಧಾನ ಹಾಸಿನ ಅಳತೆಯ ಬಗ್ಗೆ ಕೊಡುವ ಉತ್ತರ ನಂಬತಕ್ಕದ್ದು. ಇಳಿತದ ಬಗ್ಗೆ ಅದರಲ್ಲಿ ಉತ್ತರವೇ ಇಲ್ಲ. ಅಂಚಿನ ಒತ್ತಡ ಮಿತಿಯೊಳಗಿದೆ ಎಂಬ ಒಂದೇ ಕಾರಣಕ್ಕೆ ರಾಫ್ಟ್ ಸುರಕ್ಷಿತವೆಂದು ಸಹಿ ಹಾಕುವವರು ಈ ಎರಡನ್ನು ಬೆರೆಸಿಬಿಡುತ್ತಾರೆ. ಹೇಗೆ ಬೆರೆಯುತ್ತದೆ ಎಂಬುದನ್ನು ಒಂದು ಸಣ್ಣ ಲೆಕ್ಕದಲ್ಲಿ ಕೊನೆಯವರೆಗೂ ಹಿಂಬಾಲಿಸಿ ನೋಡಬಹುದು.

ಮೂರು ಸಾಲು, ಸಾಲಿಗೆ ಮೂರರಂತೆ ಒಂಬತ್ತು ಕಂಬಗಳ ಕಟ್ಟಡವೊಂದನ್ನು ಊಹಿಸಿಕೊಳ್ಳೋಣ. ಕಂಬದಿಂದ ಕಂಬಕ್ಕೆ ಎರಡೂ ದಿಕ್ಕಿನಲ್ಲಿ 6 ಮೀಟರ್. ಹೊರಗಿನ ಕಂಬಗಳ ನಡುಗೆರೆಯಿಂದ ಅರ್ಧ ಮೀಟರ್ ಹೊರಚಾಚು ಬಿಟ್ಟರೆ ಹಾಸು 13 ಮೀಟರ್ ಚೌಕವಾಗುತ್ತದೆ, ವಿಸ್ತೀರ್ಣ 169 ಚದರ ಮೀಟರ್. ಲಿಫ್ಟ್ ಮತ್ತು ನೀರಿನ ಟ್ಯಾಂಕು ಪೂರ್ವದ ಬದಿಯಲ್ಲಿರುವುದರಿಂದ ಆ ಸಾಲಿನ ಮೂರು ಕಂಬಗಳ ಒಟ್ಟು ಹೊರೆ 3100 ಕಿಲೋನ್ಯೂಟನ್, ನಡುವಿನ ಸಾಲಿನದು 3400, ಪಶ್ಚಿಮದ ಸಾಲಿನದು 2100 ಎಂದಿರಲಿ. ಒಟ್ಟು 8600. ಉತ್ತರ–ದಕ್ಷಿಣವಾಗಿ ಹೊರೆ ಸಮನಾಗಿದೆ. ಪೂರ್ವ–ಪಶ್ಚಿಮವಾಗಿ ಮಾತ್ರ ಅದು ಒಂದು ಕಡೆಗೆ ವಾಲಿದೆ: ಎರಡು ಅಂಚಿನ ಸಾಲುಗಳ ವ್ಯತ್ಯಾಸ 1000 ಕಿಲೋನ್ಯೂಟನ್, ನಡುವಿನಿಂದ ಅವುಗಳ ದೂರ 6 ಮೀಟರ್, ಆದ್ದರಿಂದ ತಿರುಗಿಸುವ ಪರಿಣಾಮ ಅಥವಾ ಮೊಮೆಂಟ್ 6000 ಕಿಲೋನ್ಯೂಟನ್ ಮೀಟರ್. ಅದನ್ನು ಒಟ್ಟು ಹೊರೆಯಿಂದ ಭಾಗಿಸಿದರೆ ಹೊರೆಯ ಕೇಂದ್ರ ಹಾಸಿನ ನಡುವಿನಿಂದ 0.70 ಮೀಟರ್ ಪೂರ್ವಕ್ಕೆ ಸರಿದಿದೆ ಎಂದು ತಿಳಿಯುತ್ತದೆ. ರಿಜಿಡ್ ವಿಧಾನದ ಸೂತ್ರ ಹೀಗಿದೆ:

```
q = Q/A ± M·x/I
```

ಇಲ್ಲಿ Q ಒಟ್ಟು ಹೊರೆ, A ವಿಸ್ತೀರ್ಣ, M ಮೊಮೆಂಟ್, x ನಡುವಿನಿಂದ ದೂರ, I ಹಾಸಿನ ನಕ್ಷೆಯ ಜಡತ್ವ ಭ್ರಾಮಕ. 13 ಮೀಟರ್ ಚೌಕಕ್ಕೆ ಅದು 2380. ಸರಾಸರಿ ಒತ್ತಡ 50.9 ಕಿಲೋಪಾಸ್ಕಲ್, ಅದರ ಮೇಲೆ ಅಂಚಿನಲ್ಲಿ 16.4 ಕೂಡಿ ಅಥವಾ ಕಳೆದು ಪೂರ್ವದಲ್ಲಿ 67, ಪಶ್ಚಿಮದಲ್ಲಿ 34.5. ಹೊರೆಯ ಕೇಂದ್ರ ನಡುವಿನಿಂದ ಅಗಲದ ಆರನೇ ಒಂದು ಭಾಗ, ಅಂದರೆ 2.17 ಮೀಟರ್, ದಾಟದಿರುವುದರಿಂದ ಯಾವ ಅಂಚೂ ನೆಲ ಬಿಟ್ಟು ಮೇಲೇಳುವುದಿಲ್ಲ. ಮಣ್ಣಿಗೆ 100 ಕಿಲೋಪಾಸ್ಕಲ್ ಹೊರುವ ಸುರಕ್ಷಿತ ಶಕ್ತಿ ಇದ್ದರೆ ಲೆಕ್ಕ ಇಲ್ಲಿಗೇ ಮುಗಿಯಿತೆಂದು ಅನ್ನಿಸುತ್ತದೆ.

ಮುಗಿಯುವ ಮೊದಲು ಈ ಸೂತ್ರ ಏನನ್ನು ಬಲ್ಲದು ಎಂದು ಕೇಳಬೇಕು. ಅದರೊಳಗೆ ಮಣ್ಣಿನ ಒಂದು ಗುಣವೂ ಇಲ್ಲ. ಮರಳಿರಲಿ, ಜೇಡಿಯಿರಲಿ, ಬಂಡೆಯಿರಲಿ, ಉತ್ತರ ಒಂದೇ. ಮೇಲಿನ ಹೊರೆಗೂ ಕೆಳಗಿನ ಪ್ರತಿಬಲಕ್ಕೂ ಮೊತ್ತದಲ್ಲೂ ತಿರುಗುವಿಕೆಯಲ್ಲೂ ತಾಳೆಯಾಗಬೇಕು ಎಂಬ ಸಮತೋಲದ ನಿಯಮ ಮಾತ್ರ ಅದರಲ್ಲಿದೆ; ನೇರ ಗೆರೆ ಎಂಬುದು ಸರಳವಾಗಲೆಂದು ನಾವು ಸೇರಿಸಿದ ಊಹೆ. ನಿಜದಲ್ಲಿ ಬಿಗಿಯಾದ ಹಾಸು ಜೇಡಿಮಣ್ಣಿನ ಮೇಲೆ ಕೂತರೆ ಒತ್ತಡ ಅಂಚುಗಳಲ್ಲಿ ಹೆಚ್ಚಿ ನಡುವೆ ತಗ್ಗುತ್ತದೆ. ಮರಳಿನ ಮೇಲೆ, ಅಂಚಿನ ಮರಳು ಪಕ್ಕಕ್ಕೆ ಜರುಗಿಬಿಡುವುದರಿಂದ, ಒತ್ತಡ ನಡುವೆ ಉಬ್ಬುತ್ತದೆ. ತೆಳುವಾದ ಹಾಸಿನಲ್ಲಿ ಅದು ಕಂಬಗಳ ಬುಡದಲ್ಲೇ ಗುಂಪುಗೂಡುತ್ತದೆ. ಆದ್ದರಿಂದ ತೆಳು ಹಾಸಿನಲ್ಲಿ ರಿಜಿಡ್ ವಿಧಾನದ ಬಾಗು ಮೊಮೆಂಟ್ ಬೇಕಾದ್ದಕ್ಕಿಂತ ಹೆಚ್ಚು ಕಬ್ಬಿಣ ಕೇಳುತ್ತದೆ, ಅಷ್ಟೆ. ಜೇಡಿಯ ಮೇಲಿನ ದಪ್ಪ ಹಾಸಿನಲ್ಲಿ ಮಾತ್ರ, ನಡುವಿನ ತಗ್ಗಿಗೆ ಬೇಕಾದ್ದಕ್ಕಿಂತ ಕಡಿಮೆ ಕೊಡುವ ಅಪಾಯವಿದೆ.

ಊಹೆಯ ಬಿರುಕು ಲೆಕ್ಕದ ಒಳಗೇ ಕಾಣಿಸುತ್ತದೆ. ಕಬ್ಬಿಣ ಗೊತ್ತುಮಾಡಲು ಹಾಸನ್ನು ಕಂಬದ ಸಾಲುಗಳಂತೆ ಪಟ್ಟಿಗಳಾಗಿ ಕತ್ತರಿಸಿಕೊಳ್ಳುವುದು ಪದ್ಧತಿ. ನಮ್ಮ ಉದಾಹರಣೆಯ ಪೂರ್ವದ ಪಟ್ಟಿ 3.5 ಮೀಟರ್ ಅಗಲ. ಅದರಡಿಯ ಸರಾಸರಿ ಒತ್ತಡ 62.9, ಒಟ್ಟು ಪ್ರತಿಬಲ 2860 ಕಿಲೋನ್ಯೂಟನ್. ಆದರೆ ಆ ಪಟ್ಟಿಯ ಕಂಬಗಳು ತಂದಿಳಿಸಿದ್ದು 3100. ನಡುವಿನ ಪಟ್ಟಿಯಲ್ಲಿ ಇದಕ್ಕೆ ಉಲ್ಟಾ: ಕಂಬಗಳಿಂದ 3400, ಮಣ್ಣಿನಿಂದ 3970. ಪಟ್ಟಿಗಳ ನಡುವಣ ಗೆರೆಯಲ್ಲಿ ಹಾಸು ಹೊರುವ ಕತ್ತರಿಬಲ ಈ ವ್ಯತ್ಯಾಸವನ್ನು ಸಾಗಿಸುತ್ತದೆ, ಪಟ್ಟಿಯ ಲೆಕ್ಕ ಅದನ್ನು ಮರೆಯುತ್ತದೆ. ಹೊರೆ ಮತ್ತು ಪ್ರತಿಬಲ ಎರಡನ್ನೂ ಅವುಗಳ ಸರಾಸರಿಗೆ ತಂದು ತಾಳೆ ಮಾಡಿಕೊಳ್ಳುವ ರೂಢಿಯಿದೆ. ಪೂರ್ವದ ಪಟ್ಟಿಯಲ್ಲಿ ಸರಾಸರಿ 2980 ಆದ್ದರಿಂದ ತಿದ್ದುಪಡಿ ನೂರಕ್ಕೆ ನಾಲ್ಕು, ಸಹಿಸಬಹುದು. ನಡುವಿನ ಪಟ್ಟಿಯಲ್ಲಿ ಕೊರತೆ 570; ಅಲ್ಲಿ ಸುಮ್ಮನೆ ಸರಾಸರಿ ಹಾಕಿ ಮುಂದೆ ಹೋಗುವುದು ನನಗೆ ಒಪ್ಪಿಗೆಯಾಗುವ ಕೆಲಸವಲ್ಲ.

ಹಾಗಾದರೆ ಈ ವಿಧಾನದ ಬೆಲೆ ಎಲ್ಲಿದೆ? ಹಾಸನ್ನು ಎಲ್ಲಿ ಕೂರಿಸಬೇಕೆಂದು ಹೇಳುವುದರಲ್ಲಿ. ನಮ್ಮ ಹಾಸನ್ನು ಪೂರ್ವಕ್ಕೆ ಮಾತ್ರ 1.4 ಮೀಟರ್ ಬೆಳೆಸಿದರೆ ಅದರ ನಡು 0.70 ಮೀಟರ್ ಸರಿದು ಹೊರೆಯ ಕೇಂದ್ರದ ಕೆಳಗೇ ಬರುತ್ತದೆ. 14.4 × 13 ಮೀಟರಿನ ಈ ಹಾಸಿನಡಿ ಒತ್ತಡ ಎಲ್ಲೆಡೆ 46 ಕಿಲೋಪಾಸ್ಕಲ್. ಅದೇ ಕಾಂಕ್ರೀಟನ್ನು ಎರಡು ಬದಿಗೂ ಸಮನಾಗಿ ಹಂಚಿದ್ದರೆ ಪೂರ್ವದ ಅಂಚಿನಲ್ಲಿ 59 ಉಳಿಯುತ್ತಿತ್ತು. ವಿಸ್ತೀರ್ಣ ನೂರಕ್ಕೆ ಹನ್ನೊಂದರಷ್ಟೇ ಹೆಚ್ಚಿ ಗರಿಷ್ಠ ಒತ್ತಡ ಮೂರನೇ ಒಂದು ಭಾಗ ಇಳಿದದ್ದು ಜಾಗದ ಆಯ್ಕೆಯಿಂದ. ಪೂರ್ವದಲ್ಲಿ ನಿವೇಶನದ ಗಡಿ ಅಡ್ಡಬಂದರೆ ಪಶ್ಚಿಮದ ಹೊರಚಾಚನ್ನು ಕಡಿಮೆ ಮಾಡಿ ನೋಡಬೇಕು, ಇಲ್ಲವೇ ಟ್ಯಾಂಕನ್ನು ನಡುವಿಗೆ ತರುವಂತೆ ವಾಸ್ತುಶಿಲ್ಪಿಯನ್ನು ಕೇಳಬೇಕು. ಆ ಮಾತು ನಕ್ಷೆಯ ಹಂತದಲ್ಲೇ ಆದರೆ ಖರ್ಚಿಲ್ಲ.

ಈಗ ಇಳಿತ. ಹಾಸನ್ನು ನೆಲದಿಂದ 1 ಮೀಟರ್ ಆಳದಲ್ಲಿ, ಅರ್ಧ ಮೀಟರ್ ದಪ್ಪಕ್ಕೆ ಹಾಕಿ ಮೇಲೆ ಮಣ್ಣು ತುಂಬಿದೆವೆಂದರೆ, ಕಾಂಕ್ರೀಟು ಮಣ್ಣಿಗಿಂತ ಭಾರವಾದ್ದರಿಂದ 3.5 ಕಿಲೋಪಾಸ್ಕಲ್ ಕೂಡಿ, ಮೂಲ ಚೌಕದಡಿ ಹೊಸದಾಗಿ ಬೀಳುವ ನಿವ್ವಳ ಒತ್ತಡ ಸುಮಾರು 54. ಮಣ್ಣು ಸಾಧಾರಣ ಜೇಡಿ, ದೀರ್ಘಕಾಲದ ಸ್ಥಿತಿಸ್ಥಾಪಕ ಗುಣಾಂಕ 10 ಮೆಗಾಪಾಸ್ಕಲ್, ಪಾಯ್ಸನ್ ಅನುಪಾತ 0.3 ಎಂದು ಹಿಡಿಯೋಣ. ಸದ್ಯಕ್ಕೆ ಹೊರೆಯ ವಾಲುವಿಕೆಯನ್ನು ಮರೆತು, ಹಾಸು ಪೂರ್ತಿ ಬಗ್ಗುವಂಥದ್ದು, ಒತ್ತಡ ಎಲ್ಲೆಡೆ ಒಂದೇ ಎಂದರೆ, ಸ್ಥಿತಿಸ್ಥಾಪಕ ಸಿದ್ಧಾಂತದ ಪ್ರಕಾರ ನಡು 72 ಮಿಲಿಮೀಟರ್ ಇಳಿಯುತ್ತದೆ, ಮೂಲೆ 36. ಸಮನಾದ ಒತ್ತಡದಿಂದ ಸಮನಾದ ಇಳಿತ ಬರುವುದಿಲ್ಲ. ನಡುವಿನ ಮಣ್ಣು ತನ್ನ ಮೇಲಿನ ಹೊರೆಯ ಜೊತೆಗೆ ಸುತ್ತಲಿನ ಹೊರೆಯನ್ನೂ ಅನುಭವಿಸುತ್ತದೆ, ಮೂಲೆಯ ಮಣ್ಣಿಗೆ ಒಂದೇ ಪಕ್ಕದಲ್ಲಿ ನೆರೆಹೊರೆ. ಹೀಗಾಗಿ ಹಾಸು ತಟ್ಟೆಯಂತೆ ನಡುವೆ ತಗ್ಗುತ್ತದೆ. ಭಾರತದ ಮಾನಕ ಐಎಸ್ 1904 ಕಾಂಕ್ರೀಟ್ ಕಟ್ಟಡದ ರಾಫ್ಟಿಗೆ ಮೆತ್ತನೆಯ ಜೇಡಿಯಲ್ಲಿ 100 ಮಿಲಿಮೀಟರ್, ಮರಳು ಮತ್ತು ಗಟ್ಟಿ ಜೇಡಿಯಲ್ಲಿ 75 ಮಿಲಿಮೀಟರ್ ಇಳಿತವನ್ನು ಒಪ್ಪುತ್ತದೆ. ಎರಡು ಬಿಂದುಗಳ ಇಳಿತದ ವ್ಯತ್ಯಾಸ ಅವುಗಳ ನಡುವಿನ ದೂರದ 500ನೇ ಒಂದು ಭಾಗ ದಾಟಬಾರದು. ನಮ್ಮ ಹಾಸಿನ ಒಟ್ಟು ಇಳಿತ ಪಾಸು. ನಡುವಿನಿಂದ ಮೂಲೆಗೆ 9.2 ಮೀಟರಿನಲ್ಲಿ 36 ಮಿಲಿಮೀಟರ್ ವ್ಯತ್ಯಾಸ ಎಂದರೆ 1/255. ಅದು ಮಿತಿಯ ಹೆಚ್ಚುಕಡಿಮೆ ಎರಡು ಪಟ್ಟು. ಒತ್ತಡದ ಲೆಕ್ಕದಲ್ಲಿ ಆರಾಮವಾಗಿ ತೇರ್ಗಡೆಯಾದ ರಾಫ್ಟು ಇಲ್ಲಿ ಎಡವಿತು.

ವಿಸ್ತೀರ್ಣ ಹೆಚ್ಚಿಸಿದರೆ ಸರಿಹೋಗುತ್ತದೆಂದು ಯಾರಿಗಾದರೂ ತೋಚುತ್ತದೆ. 14.4 ಮೀಟರಿಗೆ ಬೆಳೆಸಿದ ಹಾಸಿನ ಲೆಕ್ಕ ಮಾಡಿದರೆ ನಡುವಿನ ಇಳಿತ 69 ಮಿಲಿಮೀಟರ್, ಅಂದರೆ ಗಳಿಸಿದ್ದು ಮೂರೇ ಮಿಲಿಮೀಟರ್. ವ್ಯತ್ಯಾಸದ ಅನುಪಾತ 1/280. ಇಳಿತ ಒತ್ತಡ ಮತ್ತು ಅಗಲಗಳ ಗುಣಲಬ್ಧದ ಪ್ರಕಾರ ನಡೆಯುವುದೇ ಕಾರಣ. ಅಗಲ ಹೆಚ್ಚಿದಷ್ಟೂ ಒತ್ತಡ ಇಳಿಯುತ್ತದೆ ನಿಜ, ಆದರೆ ಆ ಒತ್ತಡ ಇನ್ನೂ ಆಳದ ಮಣ್ಣನ್ನು ಮುಟ್ಟುತ್ತದೆ. ಧಾರಣ ಶಕ್ತಿಯ ಸಮಸ್ಯೆಗೆ ಮದ್ದಾದ ವಿಸ್ತೀರ್ಣ ಇಳಿತದ ಸಮಸ್ಯೆಗೆ ಬಹುಪಾಲು ನೀರು.

ಮುಂದಿನ ಸಲಹೆ ದಪ್ಪ ಹೆಚ್ಚಿಸುವುದು. ಬಗ್ಗದ ಹಾಸು ಎಲ್ಲೆಡೆ ಒಂದೇ ಸಮ, ಸುಮಾರು 56 ಮಿಲಿಮೀಟರ್ ಇಳಿಯುತ್ತದೆ, ಆಗ ತಟ್ಟೆಯ ತಗ್ಗೇ ಇಲ್ಲ. ಆದರೆ ಅರ್ಧ ಮೀಟರ್ ದಪ್ಪದ ಹಾಸು ಬಗ್ಗದ್ದೇ? ಹಾಸಿನ ಬಾಗು ಬಿಗಿತವನ್ನು ಮಣ್ಣಿನ ಗುಣಾಂಕ ಮತ್ತು ಅಗಲದ ಘನದ ಗುಣಲಬ್ಧದಿಂದ ಭಾಗಿಸಿ ಬರುವ ಸಾಪೇಕ್ಷ ಬಿಗಿತದ ಅಂಕ 0.5 ದಾಟಿದರೆ ಮಾತ್ರ ಹಾಸನ್ನು ರಿಜಿಡ್ ಎನ್ನಬಹುದೆಂಬುದು ಮೇಯರ್ಹಾಫ್‌ರಿಂದ ಬಂದ, ರಾಫ್ಟುಗಳ ಭಾರತೀಯ ಮಾನಕ ಐಎಸ್ 2950 ಕೂಡ ಬಳಸುವ ಅಳತೆಗೋಲು. ಎಂ25 ಕಾಂಕ್ರೀಟಿನ ನಮ್ಮ ಹಾಸಿಗೆ ಆ ಅಂಕ 0.012. ಬೇಕಾದ್ದಕ್ಕಿಂತ ನಲವತ್ತು ಪಟ್ಟು ಕಡಿಮೆ! ದಪ್ಪವೊಂದರಿಂದಲೇ ಅದನ್ನು ತಲುಪಲು 1.75 ಮೀಟರ್ ಕಾಂಕ್ರೀಟು ಬೇಕು, ನಾಲ್ಕಾರು ಮಹಡಿಯ ಕಟ್ಟಡಕ್ಕೆ ಅದು ಹಾಸ್ಯಾಸ್ಪದ. ರಿಜಿಡ್ ವಿಧಾನದಿಂದ ಅಳತೆ ಮಾಡಿದ ಹಾಸುಗಳಲ್ಲಿ ಬಹಳಷ್ಟು ರಿಜಿಡ್ ಅಲ್ಲ ಎಂಬ ವಿಚಿತ್ರ ಇಲ್ಲಿ ಬಯಲಾಗುತ್ತದೆ. ಇದೇ ಹಾಸು ಇನ್ನೂ ಮೆತ್ತನೆಯ ಮಣ್ಣಿನ ಮೇಲಿದ್ದರೆ ಆ ಅಂಕ ಹೆಚ್ಚುತ್ತಿತ್ತು, ಅಂದರೆ ನೇರ ಗೆರೆಯ ಊಹೆ ನಿಜಕ್ಕೆ ಹತ್ತಿರವಾಗುವುದು ಮಣ್ಣು ಕೆಟ್ಟದ್ದಿದ್ದಷ್ಟೂ. ಬಿಗಿತಕ್ಕೆ ಅಗ್ಗದ ದಾರಿ ಗೋಡೆಗಳದು. ಹಾಸಿನ ಎರಡು ಬದಿಯಲ್ಲಿ 25 ಸೆಂಟಿಮೀಟರ್ ದಪ್ಪದ, 2.5 ಮೀಟರ್ ಎತ್ತರದ ಕಾಂಕ್ರೀಟ್ ಗೋಡೆ ನಿಲ್ಲಿಸಿದರೆ ಅವೆರಡೇ ಹಾಸಿನ ಐದು ಪಟ್ಟು ಬಿಗಿತ ತರುತ್ತವೆ. ದೊಡ್ಡ ಕಿಂಡಿಗಳನ್ನು ತೆರೆದರೆ ಅದರಲ್ಲಿ ಬಹುಪಾಲು ಹೊರಟುಹೋಗುತ್ತದೆ. ಬಿಗಿತಕ್ಕೆ ಬೆಲೆಯೂ ಇದೆ. ಹಾಸು ಬಗ್ಗದಂತೆ ತಡೆದಾಗ ಆ ಬಲವೆಲ್ಲ ಬಾಗು ಮೊಮೆಂಟಾಗಿ ಕಾಂಕ್ರೀಟಿನೊಳಗೆ ಬರುತ್ತದೆ, ಕಬ್ಬಿಣ ಅದನ್ನು ಹೊರಬೇಕು.

ಬಿಗಿತ ಮುಟ್ಟಲಾರದ ಇನ್ನೊಂದು ಅಸಮ ಇಳಿತವಿದೆ. ಹೊರೆ ವಾಲಿದ್ದರೆ ಬಗ್ಗದ ಹಾಸು ಇಡಿಯಾಗಿ ವಾಲುತ್ತದೆ. ನಮ್ಮ ಮೂಲ ಚೌಕಕ್ಕೆ 6000ದ ಮೊಮೆಂಟು ಕೊಡುವ ವಾಲು ಸುಮಾರು 1/1000, ಅಂಚಿನಿಂದ ಅಂಚಿಗೆ 13 ಮಿಲಿಮೀಟರ್. ಇದರ ಅತಿರೇಕದ ರೂಪ ಕೆನಡಾದ ವಿನಿಪೆಗ್ ಬಳಿಯ ಟ್ರಾನ್ಸ್‌ಕೋನಾ ಧಾನ್ಯ ಕಣಜದಲ್ಲಿ ಕಾಣಿಸಿತು. 23.5 ಮೀಟರ್ ಅಗಲ, 59.4 ಮೀಟರ್ ಉದ್ದದ ಕಾಂಕ್ರೀಟ್ ಹಾಸಿನ ಮೇಲೆ ಒತ್ತೊತ್ತಾಗಿ ನಿಂತ ಕಣಜಗಳ ಗುಂಪು ಅದು. ಗೋಡೆಗಳೆಲ್ಲ ಕೂಡಿ ಇಡೀ ಕಟ್ಟಡ ಒಂದು ಪೆಟ್ಟಿಗೆಯಂತೆ ಬಿಗಿ. 1913ರ ಅಕ್ಟೋಬರ್ 18ರಂದು, ಮೊದಲ ಬಾರಿ ಗೋಧಿ ತುಂಬುತ್ತಿದ್ದಾಗ, ಹಾಸಿನಡಿಯ ಒತ್ತಡ ಸುಮಾರು 300 ಕಿಲೋಪಾಸ್ಕಲ್ ಮುಟ್ಟಿದ ಹೊತ್ತಿಗೆ ಅದು ಇಳಿಯತೊಡಗಿತು, ಒಂದು ದಿನದೊಳಗೆ ಪಶ್ಚಿಮಕ್ಕೆ ಸುಮಾರು 27 ಡಿಗ್ರಿ ವಾಲಿ ನಿಂತಿತು. ಕಣಜಗಳು ಒಡೆಯಲಿಲ್ಲ, ಕೆಳಗೆ ಬಂಡೆಯವರೆಗೆ ಆಸರೆ ಇಳಿಸಿ ಕಟ್ಟಡವನ್ನು ಮತ್ತೆ ನೆಟ್ಟಗೆ ಮಾಡಿ ಬಳಸಿದರು. ಮೇಲಿನ ಗಟ್ಟಿ ಜೇಡಿಯ ಮೇಲೆ ಸಣ್ಣ ತಟ್ಟೆಯಿಂದ ಮಾಡಿದ ಪರೀಕ್ಷೆ ಒಳ್ಳೆಯ ಫಲವನ್ನೇ ಕೊಟ್ಟಿತ್ತು. ಸಣ್ಣ ತಟ್ಟೆಯ ಒತ್ತಡ ಅದರ ಅಗಲದ ಒಂದೆರಡು ಪಟ್ಟು ಆಳದಲ್ಲೇ ಕರಗಿಹೋಗುತ್ತದೆ, 23 ಮೀಟರ್ ಹಾಸಿನದು ಅದರಡಿಯ ಮೆತ್ತನೆಯ ಪದರಕ್ಕೂ ತಲುಪಿತು. ಇದು ಮೂಲತಃ ಮಣ್ಣಿನ ಧಾರಣ ಶಕ್ತಿ ಸೋತ ಪ್ರಸಂಗ, ಇಳಿತದ ಲೆಕ್ಕದ್ದಲ್ಲ. ಆದರೂ ರಿಜಿಡ್ ಎಂಬ ಊಹೆ ಅಕ್ಷರಶಃ ನಿಜವಾಗಿದ್ದ ಕಟ್ಟಡವೊಂದು ಹೇಗೆ ತಪ್ಪುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ದೃಷ್ಟಾಂತ ಸಿಗದು.

ತಟ್ಟೆ ತಗ್ಗಿಗೆ ನಿಜವಾದ ಮದ್ದು ಅಗೆತ. ನಮ್ಮ ಕಟ್ಟಡಕ್ಕೆ 3 ಮೀಟರ್ ಆಳದ ತಳಮಾಳಿಗೆ ಕೊಟ್ಟರೆ ತೆಗೆದುಹಾಕಿದ ಮಣ್ಣಿನ ಒತ್ತಡವೇ 54 ಕಿಲೋಪಾಸ್ಕಲ್. ಬೆಳೆಸಿದ ಹಾಸಿನ ಮೇಲಿನ ಹೊರೆ 46, ಹಾಸಿನ ತೂಕ 12.5, ಸುತ್ತುಗೋಡೆಯದು 4.6, ಕೂಡಿದರೆ 63. ಮಣ್ಣಿಗೆ ಹೊಸದಾಗಿ ಬೀಳುವುದು 9 ಮಾತ್ರ. ಅದೇ ಸೂತ್ರದಲ್ಲಿ ನಡುವಿನ ಇಳಿತ 13 ಮಿಲಿಮೀಟರಿಗೆ ಬರುತ್ತದೆ, ನಡು–ಮೂಲೆಯ ವ್ಯತ್ಯಾಸ ಆರೇಳು ಮಿಲಿಮೀಟರಿಗೆ. ಹಾಸು ಎಷ್ಟೇ ಬಗ್ಗಲಿ, ಮಿತಿ ಮೀರುವ ಪ್ರಶ್ನೆಯಿಲ್ಲ. ಇಲ್ಲಿ ಎರಡು ಎಚ್ಚರಗಳು ಬೇಕು. ಅಗೆದಾಗ ತಳ ಒಂದಿಷ್ಟು ಉಬ್ಬುತ್ತದೆ, ಕಟ್ಟಿದಾಗ ಆ ಉಬ್ಬು ಮತ್ತೆ ಕೂರುತ್ತದೆ. ಗುಂಡಿಯನ್ನು ತಿಂಗಳುಗಟ್ಟಲೆ ತೆರೆದಿಟ್ಟು ನೀರು ನಿಲ್ಲಿಸಿದರೆ ಆ ಪಾಲು ಬೆಳೆಯುತ್ತದೆ. ಎರಡನೆಯದಾಗಿ, ಕಂಬಗಳೇಳುವ ಮೊದಲು ಹಾಸು ಮತ್ತು ಗೋಡೆ ಸೇರಿ ಒತ್ತುವುದು ಬರೇ 17 ಕಿಲೋಪಾಸ್ಕಲ್. ಮಳೆಗಾಲದಲ್ಲಿ ಸುತ್ತಲಿನ ಅಂತರ್ಜಲ ಹಾಸಿನ ತಳದಿಂದ 1.7 ಮೀಟರ್ ಮೇಲೇರಿದರೆ ತಳಮಾಳಿಗೆ ದೋಣಿಯಂತೆ ತೇಲಬಹುದು, ಹಾಗಾಗಿ ಪಂಪು ನಿಲ್ಲಿಸುವ ದಿನವನ್ನೂ ಲೆಕ್ಕವೇ ಹೇಳಬೇಕು. ಅಗೆತ ಸರಾಸರಿ ಒತ್ತಡವನ್ನು ಕಳೆಯುತ್ತದೆ, ಮೊಮೆಂಟನ್ನು ಕಳೆಯುವುದಿಲ್ಲ ಎಂಬುದನ್ನು ಮರೆಯುವುದು ಸುಲಭ. ಮೂಲ ಚೌಕದಲ್ಲೇ ತಳಮಾಳಿಗೆ ಕಟ್ಟಿದ್ದರೆ 1/1000ದ ವಾಲು ಹಾಗೆಯೇ ಉಳಿಯುತ್ತಿತ್ತು. ಆದ್ದರಿಂದ ಕ್ರಮ ಹೀಗಿರಬೇಕು: ರಿಜಿಡ್ ಲೆಕ್ಕದಿಂದ ಕೇಂದ್ರ ಸರಿಪಡಿಸು, ನಿವ್ವಳ ಒತ್ತಡ ನೋಡಿ ಆಳ ಗೊತ್ತುಮಾಡು, ಉಳಿದ ವ್ಯತ್ಯಾಸಕ್ಕೆ ಬಿಗಿತ ಕೊಡು.

ಕಂಪ್ಯೂಟರಿನಲ್ಲಿ ಹಾಸನ್ನು ಸಾವಿರ ಸ್ಪ್ರಿಂಗುಗಳ ಮೇಲೆ ಕೂರಿಸಿ ಲೆಕ್ಕ ಮಾಡುವ ಕಾಲದಲ್ಲಿ ಈ ಹಳೆಯ ವಿಧಾನದ ಮಾತೇಕೆ ಎಂಬ ಆಕ್ಷೇಪ ಬರುತ್ತದೆ. ಆ ಸ್ಪ್ರಿಂಗುಗಳು 1867ರಲ್ಲಿ ವಿಂಕ್ಲರ್ ಕೊಟ್ಟ ಕಲ್ಪನೆ. ಪ್ರತಿ ಸ್ಪ್ರಿಂಗಿಗೂ ತನ್ನ ಹೊರೆಯದಷ್ಟೇ ಅರಿವು, ಪಕ್ಕದ್ದರ ಗೊಡವೆಯಿಲ್ಲ. ಎಲ್ಲ ಸ್ಪ್ರಿಂಗಿಗೂ ಒಂದೇ ಗುಣಾಂಕ ಕೊಟ್ಟು ಸಮನಾದ ಹೊರೆ ಹೇರಿದರೆ ಹಾಸು ಒಂದೇ ಸಮ ಇಳಿಯುತ್ತದೆ, ನಾವು ಮೇಲೆ ಕಂಡ 36 ಮಿಲಿಮೀಟರಿನ ತಗ್ಗು ಪರದೆಯ ಮೇಲೆ ಮೂಡುವುದೇ ಇಲ್ಲ. ಬಣ್ಣಬಣ್ಣದ ಚಿತ್ರ ಬಂದಿದೆಯೆಂದು ಸಮಾಧಾನಪಟ್ಟವರು ರಿಜಿಡ್ ವಿಧಾನದ ಕುರುಡನ್ನೇ ಹೆಚ್ಚು ದುಡ್ಡು ಕೊಟ್ಟು ಕೊಂಡಿರುತ್ತಾರೆ. ಆ ಗುಣಾಂಕ ಮಣ್ಣಿನ ಸ್ವಂತ ಗುಣವೂ ಅಲ್ಲ: 30 ಸೆಂಟಿಮೀಟರಿನ ತಟ್ಟೆಯಿಂದ ಅಳೆದದ್ದು 13 ಮೀಟರಿನ ಹಾಸಿಗೆ ಹಾಗೆಯೇ ಒಪ್ಪುವುದಿಲ್ಲ ಎಂದು ಟೆರ್ಜಾಗಿ 1955ರಲ್ಲೇ ವಿವರಿಸಿದ್ದರು. ಅಂಚಿನ ಸ್ಪ್ರಿಂಗುಗಳನ್ನು ನಡುವಿನದಕ್ಕಿಂತ ಸುಮಾರು ಎರಡು ಪಟ್ಟು ಬಿಗಿ ಮಾಡಿದರೆ ನಿಜಕ್ಕೆ ಹತ್ತಿರವಾಗಬಹುದು. ಇನ್ನೂ ಒಳ್ಳೆಯದೆಂದರೆ ಇಳಿತವನ್ನು ಮಣ್ಣಿನ ಪದರಗಳಿಂದ ಬೇರೆಯಾಗಿ ಲೆಕ್ಕಹಾಕಿ, ಒತ್ತಡವನ್ನು ಇಳಿತದಿಂದ ಭಾಗಿಸಿ ಪ್ರತಿ ವಲಯಕ್ಕೂ ಅದರದೇ ಗುಣಾಂಕ ತೆಗೆದು, ಎರಡೂ ಒಂದಕ್ಕೊಂದು ಹೊಂದುವವರೆಗೆ ಮತ್ತೆ ಮತ್ತೆ ಮಾಡುವುದು.

ಇನ್ನೊಂದು ಆಕ್ಷೇಪ 1/500 ವಿಪರೀತ ಬಿಗಿಯಾದ ಮಿತಿ ಎಂಬುದು. 1956ರಲ್ಲಿ ಸ್ಕೆಂಪ್ಟನ್ ಮತ್ತು ಮ್ಯಾಕ್‌ಡೊನಾಲ್ಡ್ 98 ಕಟ್ಟಡಗಳನ್ನು ಪರಿಶೀಲಿಸಿ, ಗೋಡೆಗಳಲ್ಲಿ ಬಿರುಕು ಕಾಣಿಸುವುದು ಸುಮಾರು 1/300ರಿಂದ, ಕಂಬ ತೊಲೆಗಳಿಗೇ ಏಟು ಬೀಳುವುದು 1/150ರಿಂದ ಎಂದು ಕಂಡರು. 1/500 ಅದರ ಮೇಲೆ ಇಟ್ಟ ಅಂತರ. ಗೋಡೆ ಕಟ್ಟುವ ಮೊದಲೇ ಮುಗಿದ ಇಳಿತ ಗೋಡೆಯನ್ನು ಸೀಳುವುದಿಲ್ಲ ಎಂಬುದೂ ಸರಿ. ಮರಳಿನಲ್ಲಿ ಹೆಚ್ಚಿನ ಇಳಿತ ಕಟ್ಟುತ್ತಿರುವಾಗಲೇ ಮುಗಿಯುವುದರಿಂದ ಅಲ್ಲಿ ಈ ವಾದಕ್ಕೆ ತೂಕವಿದೆ. ನೀರು ನಿಧಾನವಾಗಿ ಹಿಂಡಿಹೋಗುವ ಜೇಡಿಯಲ್ಲಿ ಮಾತ್ರ ಇಳಿತದ ದೊಡ್ಡ ಪಾಲು ಬಣ್ಣ ಬಳಿದ ಮೇಲೆಯೇ ಬರುತ್ತದೆ. ಜೊತೆಗೆ ನಮ್ಮ ಲೆಕ್ಕವೆಲ್ಲ ಹಾಸಿನಡಿಯ ಮಣ್ಣು ಎಲ್ಲೆಡೆ ಒಂದೇ ಎಂದು ನಂಬಿದೆ. ಬೆಂಗಳೂರಿನಂಥ ಊರಿನಲ್ಲಿ ಅದು ದೊಡ್ಡ ನಂಬಿಕೆ. ಅಲ್ಲಿ ಕೆಂಪೇಗೌಡ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯಲ್ಲಿ. ಅರ್ಧ ಹಾಸು ಹಳೆಯ ಏರಿಯ ಗಟ್ಟಿ ನೆಲದ ಮೇಲೆ, ಅರ್ಧ ತುಂಬಿದ ಹೂಳಿನ ಮೇಲೆ ಬಿದ್ದರೆ, ಹೊರೆಯ ಕೇಂದ್ರ ಎಷ್ಟೇ ನೆಟ್ಟಗಿದ್ದರೂ ಹಾಸು ಹೂಳಿನ ಕಡೆಗೆ ವಾಲುತ್ತದೆ. ಮೂರು ಮೂಲೆಯಲ್ಲಿ ಬೋರ್ ಕೊರೆದು ನಾಲ್ಕನೆಯದನ್ನು ಬಿಡುವವರಿಗೆ 1/500ರ ಅಂತರವೂ ಸಾಲದು.

ಕಟ್ಟಿದ ಮೇಲೆ ಯಾವ ಬಗೆಯ ಇಳಿತ ನಡೆಯುತ್ತಿದೆ ಎಂಬುದನ್ನು ಬಿರುಕುಗಳ ರೂಪ ಸೂಚಿಸುತ್ತದೆ. ನಡು ತಗ್ಗಿದಾಗ ಗೋಡೆಯ ಓರೆ ಬಿರುಕುಗಳು ಕೆಳಗೆ ಅಗಲ, ಮೇಲೆ ಸಣ್ಣ. ಹಾಸಿನ ಕಬ್ಬಿಣ ಬುಡವನ್ನು ಹಿಡಿದಿಡುವುದರಿಂದ ಅವು ಬಹಳ ಬೆಳೆಯುವುದಿಲ್ಲ. ಅಂಚುಗಳು ಇಳಿದು ನಡು ಉಬ್ಬಿದಂತಾದರೆ ಬಿರುಕು ಮೇಲ್ಗಡೆ ಬಾಯಿ ಬಿಡುತ್ತದೆ, ಅಲ್ಲಿ ಹಿಡಿದಿಡುವಂಥದ್ದು ಏನೂ ಇಲ್ಲದ್ದರಿಂದ ಅಷ್ಟೇ ಇಳಿತಕ್ಕೆ ಹಾನಿ ಹೆಚ್ಚು. ಇಡೀ ಕಟ್ಟಡ ವಾಲಿದರೆ ಬಿರುಕೇ ಬರದಿರಬಹುದು. ತನ್ನಷ್ಟಕ್ಕೆ ತೆರೆದುಕೊಳ್ಳುವ ಬಾಗಿಲು, ಹಳಿಗೆ ಉಜ್ಜುವ ಲಿಫ್ಟು, ತೂಗುಗುಂಡಿನ ದಾರ ಮಾತ್ರ ಅದನ್ನು ಹೇಳುತ್ತವೆ. ಕಂಬಗಳ ಬುಡದಲ್ಲಿ ಗುರುತು ಕೂರಿಸಿ ಲೆವೆಲ್ ಯಂತ್ರದಿಂದ ಮಿಲಿಮೀಟರ್ ಲೆಕ್ಕದಲ್ಲಿ ಓದುತ್ತಿದ್ದರೆ ಊಹೆಯ ಅಗತ್ಯವೇ ಬೀಳುವುದಿಲ್ಲ. ಆ ಓದು ಹಾಸು ಹಾಕಿದ ವಾರದಲ್ಲೇ ಶುರುವಾಗಬೇಕು. ಮೊದಲ ಬಿರುಕು ಕಂಡ ಮೇಲೆ ಗುರುತು ಕೂರಿಸಿದರೆ ಅಷ್ಟರವರೆಗೆ ಆದ ಇಳಿತಕ್ಕೆ ಅಳತೆಯೇ ಇರುವುದಿಲ್ಲ.